ಟ್ರ್ಯಾಕ್ಟರ್ ಡ್ರೈವರ್ ಬೇಕು: ದಿನಗೂಲಿಗಾ, ಹಂಗಾಮಿಗಾ, ವರ್ಷಕ್ಕಾ? ಮೆಸೇಜ್ ಹಾಕುವ ಮೊದಲು

ಸಿಂಧನೂರಿನಲ್ಲಿ ನನ್ನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಜೂನ್ ಬಂತೆಂದರೆ ರೋಟವೇಟರ್ ಬ್ಲೇಡಿನ ಜತೆಗೆ ಇನ್ನೊಂದನ್ನೂ ಎಲ್ಲರೂ ಕೇಳುತ್ತಾರೆ. "ಅಣ್ಣಾ, ಯಾರರ ಒಬ್ಬ ಡ್ರೈವರ್ ಇದ್ರ ಹೇಳ್ರೀ." ಅದೇ ಕೌಂಟರಿನ ಇನ್ನೊಂದು ಕಡೆ ಡ್ರೈವರ್ ಹುಡುಗರು ನಿಂತಿರುತ್ತಾರೆ. ಹೋದ ವರ್ಷ ಅವರಲ್ಲೊಬ್ಬ ಫೋನ್ ಮುಂದೆ ಹಿಡಿದು ಒಂದು ಮೆಸೇಜ್ ತೋರಿಸಿದ.

"ಟ್ರ್ಯಾಕ್ಟರ್ ಡ್ರೈವರ್ / ಸೂಪರ್‌ವೈಸರ್ ಬೇಕಾಗಿದ್ದಾರೆ. ಒಳ್ಳೆ ಸಂಬಳ. ವಸತಿ ಇದೆ. ಆಸಕ್ತರು ಕರೆ ಮಾಡಿ."

"ಇದಕ್ಕ ಹೋಗ್ಲೇನ್ರೀ ಅಣ್ಣಾ?" ಅಂದ. ಏನಂತ ಹೇಳಲಿ? ಯಾವ ಊರು, ಎಷ್ಟು ತಿಂಗಳು, ಎಷ್ಟು ಸಂಬಳ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ, ಒಂದೂ ಅದರಲ್ಲಿರಲಿಲ್ಲ. ಮಜಾ ಏನೆಂದರೆ ಆ ಮೆಸೇಜ್ ಹಾಕಿದ ರೈತರೂ ನಮ್ಮ ಗಿರಾಕಿಯೇ. ಎರಡು ದಿನ ಬಿಟ್ಟು ಅವರು ಬಂದು, "ಈಗಿನ ಹುಡುಗರಿಗೆ ಕೆಲಸ ಬ್ಯಾಡಾಗೇತಿ" ಎಂದು ಬೈದು ಹೋದರು.

ಇಂಥ ಮೆಸೇಜ್ ಬರೆದವರಿಗೆ ಬರೆಯಲು ಬಾರದೆ ಹೀಗಾಗುವುದಿಲ್ಲ. ತಮಗೆ ಎಂಥ ಆಳು ಬೇಕು ಎಂಬುದೇ ಅವರಿಗೆ ತೀರ್ಮಾನವಾಗಿರುವುದಿಲ್ಲ. ದಿನಗೂಲಿಗೆ ಕರೆಯುವುದು, ಹಂಗಾಮಿಗೆ ಇಟ್ಟುಕೊಳ್ಳುವುದು, ವರ್ಷಪೂರ್ತಿ ಸಂಬಳಕ್ಕೆ ಇಟ್ಟುಕೊಳ್ಳುವುದು, ಸೂಪರ್‌ವೈಸರ್ ಇಡುವುದು, ಈ ನಾಲ್ಕೂ ಬೇರೆ ಬೇರೆ ವ್ಯವಹಾರ. ಹೀಗಾಗಿ ಮೊದಲು ಲೆಕ್ಕ ನೋಡೋಣ. ಮೆಸೇಜ್ ಆಮೇಲೆ ತಾನಾಗಿ ಬರುತ್ತದೆ.

ಯಾವುದರ ಮೇಲೆ ತೂಗಬೇಕು

ಮೊದಲನೆಯದು, ನಿಮ್ಮ ಟ್ರ್ಯಾಕ್ಟರಿಗೆ ವರ್ಷದಲ್ಲಿ ನಿಜವಾಗಿ ಎಷ್ಟು ಗಂಟೆ ಕೆಲಸವಿದೆ ಎಂಬುದು. ಎರಡನೆಯದು, ಡ್ರೈವರ್ ಒಂದು ದಿನ ತಪ್ಪಿಸಿದರೆ ನಿಮಗೆ ಆಗುವ ನಷ್ಟ. ಮೂರನೆಯದು, ಅವನು ಇರಲು ನಿಮ್ಮ ಹತ್ತಿರ ನಿಜವಾಗಿ ಇರುವ ಜಾಗ. ನಾಲ್ಕನೆಯದು, ಹೊಲದಲ್ಲಿ ನಿಂತು ನೋಡಿಕೊಳ್ಳುವವರು ಯಾರು, ನೀವೇನಾ ಅಥವಾ ಯಾರೂ ಇಲ್ಲವಾ ಎಂಬುದು.

ಸಂಬಳ ಎಷ್ಟು ಎನ್ನುವುದನ್ನು ನಾನು ಬೇಕೆಂದೇ ಇದರಲ್ಲಿ ಸೇರಿಸಿಲ್ಲ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಸಂಬಳ ಗೊತ್ತಾಗುತ್ತದೆ. ಸಂಬಳದಿಂದ ಶುರು ಮಾಡಿದವರು ಮಾತ್ರ ಚೌಕಾಸಿ ಮಾಡಿ ಮಾಡಿ ಕಡೆಗೆ ಸಿಕ್ಕವನನ್ನು ಕರೆದುಕೊಂಡು ಹೋಗುತ್ತಾರೆ.

ಒಂದು ಉದಾಹರಣೆ ಹಿಡಿಯೋಣ. ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ 40 ಎಕರೆ ಗದ್ದೆ, 50 ಎಚ್‌ಪಿಯ ಒಂದು ಟ್ರ್ಯಾಕ್ಟರ್. ಎಕರೆಗೆ ಒಣ ಉಳುಮೆಗೆ ಸುಮಾರು 1 ಗಂಟೆ. ನೀರು ಬಿಟ್ಟ ಮೇಲೆ ಕೇಜ್ ವೀಲ್ ಹಾಕಿ ಎರಡು ಸಲ ಕೆಸರು ಮಾಡಿ ಮಟ್ಟ ಹೊಡೆಯಲು ಸುಮಾರು 3 ಗಂಟೆ. ಕ್ಯಾಂಪಿನವರು ಇದನ್ನೇ ದಮ್ಮು ಅನ್ನುತ್ತಾರೆ. ಸಸಿ, ಗೊಬ್ಬರ ಸಾಗಿಸುವುದು, ಕೊಯ್ಲಿನಲ್ಲಿ ಭತ್ತ ಹೇರುವುದು, ಎಲ್ಲಾ ಸೇರಿ ಇನ್ನೆರಡು ಗಂಟೆ ಹಿಡಿಯಿರಿ. ಒಟ್ಟು ಎಕರೆಗೆ 6 ಗಂಟೆ, 40 ಎಕರೆಗೆ 240. ಎರಡು ಬೆಳೆಯಾದರೆ 480 ಗಂಟೆ. ನಿಮ್ಮ ನೆಲ, ನಿಮ್ಮ ಗಾಡಿ ಬೇರೆಯಾದರೆ ಅಂಕಿ ಬದಲಾಗುತ್ತದೆ, ಆದರೆ ಲೆಕ್ಕ ಹಾಕುವ ದಾರಿ ಇದೇ.

480 ಗಂಟೆ ಎಂದರೆ ದಿನಕ್ಕೆ 8 ಗಂಟೆಯಂತೆ 60 ದಿನ. ಗಾಡಿ ಕೆಟ್ಟ ದಿನ, ಅರ್ಧ ದಿನದ ಕೆಲಸ ಸೇರಿಸಿದರೆ 75 ದಿನ. ಬಹಳ ರೈತರಿಗೆ ಈ ಅಂಕಿ ಕೇಳಿಯೇ ಆಶ್ಚರ್ಯವಾಗುತ್ತದೆ. ವರ್ಷವಿಡೀ ಟ್ರ್ಯಾಕ್ಟರ್ ಓಡಿದ ಹಾಗೆ ಅನಿಸಿರುತ್ತದೆ, ಅಲ್ವಾ?

ದಿನಗೂಲಿ: ಕಾಗದದ ಮೇಲೆ ಅಗ್ಗ

ದಿನಕ್ಕೆ 900 ರೂಪಾಯಿ ಎಂದು ಇಟ್ಟುಕೊಳ್ಳಿ. 75 ದಿನಕ್ಕೆ 67,500 ರೂಪಾಯಿ. ಗಂಟೆಗೆ ಭಾಗಿಸಿದರೆ ಸುಮಾರು 140. ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮನೆ ಕೊಡಬೇಕಿಲ್ಲ, ಕೆಲಸವಿಲ್ಲದ ತಿಂಗಳಿಗೆ ಸಂಬಳವೂ ಇಲ್ಲ.

ಇದರ ತೊಡಕು ಕಾಣುವುದು ಕಾಲುವೆಗೆ ನೀರು ಬಂದ ವಾರದಲ್ಲಿ. ನಮ್ಮ ಕಡೆ ನೀರು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಸಲ ಬರುತ್ತದೆ. ಅದೇ ವಾರ ಎಲ್ಲರಿಗೂ ಡ್ರೈವರ್ ಬೇಕು. 900ಕ್ಕೆ ಒಪ್ಪಿಕೊಂಡವನನ್ನು ಪಕ್ಕದೂರಿನವರು 1,200 ಕೊಟ್ಟು ಕರೆದೊಯ್ಯುತ್ತಾರೆ. ಇತ್ತ ನಿಮ್ಮ ಮಡಿಯಲ್ಲಿ ಸಸಿ ಬೆಳೆಯುತ್ತಾ ಇರುತ್ತದೆ. ಸೋನಾ ಮಸೂರಿ ಸಸಿಯನ್ನು 25–30 ದಿನದೊಳಗೆ ಹಚ್ಚಿದರೆ ಚೆನ್ನಾಗಿ ತೆಂಡೆ ಒಡೆಯುತ್ತದೆ. ಬಲಿತ ಸಸಿ ಹಚ್ಚಿದರೆ ತೆಂಡೆ ಕಡಿಮೆ, ಇಳುವರಿಯೂ ಕಡಿಮೆ. ಕಾಲುವೆಯ ಕೊನೆ ಭಾಗದವರಿಗಂತೂ ನೀರು ಬರುವುದೇ ತಡ, ಅದರ ಮೇಲೆ ಡ್ರೈವರ್ ಕೂಡ ತಡವಾದರೆ ಮುಗಿಯಿತು. ನಾಟಿಯ ಆಳುಗಳನ್ನು ಕರೆಸಿಟ್ಟು, ಕೆಸರಾಗದ ಗದ್ದೆಯ ಬದುವಿನ ಮೇಲೆ ಅವರನ್ನು ಕೂರಿಸಿ ಕೂಲಿ ಕೊಟ್ಟವರನ್ನು ನಾನು ನೋಡಿದ್ದೇನೆ.

ಇನ್ನೊಂದು ತೊಡಕು ಕಾಣುವುದು ನನ್ನ ಅಂಗಡಿಯಲ್ಲಿ. ದಿನಕ್ಕೊಬ್ಬ ಹತ್ತುವ ಗಾಡಿ ನನಗೆ ಗೊತ್ತಾಗಿಬಿಡುತ್ತದೆ. ರೋಟವೇಟರನ್ನು ಮೇಲೆತ್ತುವಾಗ ಪಿಟಿಒ ಬಂದ್ ಮಾಡದೆ ಹಾಗೇ ತಿರುಗಿಸಿದರೆ ಶಾಫ್ಟಿನ ಕ್ರಾಸ್ ಮುರಿಯುತ್ತದೆ. ಒಂದು ಹಂಗಾಮಿನಲ್ಲಿ ಮೂರು ಸಲ ಕ್ರಾಸ್ ಒಯ್ದವರಿದ್ದಾರೆ. ಕೆಸರಿನಿಂದ ಬಂದ ಗಾಡಿಯ ಮುಂದಿನ ಹಬ್ಬು, ಆಕ್ಸಲ್ ತೊಳೆಯದೆ ಬಿಟ್ಟರೆ ಕೆಸರು ಒಣಗಿ ಆಯಿಲ್ ಸೀಲನ್ನು ತಿನ್ನುತ್ತದೆ. ಸೀಲು ಅಗ್ಗ, ಅದರ ಹಿಂದಿನ ಬೇರಿಂಗ್ ಅಗ್ಗವಲ್ಲ. ನಾಳೆ ಬೇರೆ ಗಾಡಿ ಹತ್ತುವವನಿಗೆ ಇಂದು ಸಂಜೆ ನಿಮ್ಮ ಗಾಡಿ ತೊಳೆಯಬೇಕೆಂದು ಅನಿಸದಿದ್ದರೆ ಅದರಲ್ಲಿ ಅವನ ತಪ್ಪೇನೂ ಇಲ್ಲ.

ಹಾಗಾದರೆ ದಿನಗೂಲಿ ಯಾರಿಗೆ ಸರಿ? 10–15 ಎಕರೆಯೊಳಗಿನವರಿಗೆ, ಅದರಲ್ಲೂ ಮನೆಯಲ್ಲಿ ಒಬ್ಬರಿಗೆ ಗಾಡಿ ಓಡಿಸಲು ಬಂದರೆ. ಮಳೆಯನ್ನೇ ನಂಬಿದ ಎರೆ ಹೊಲದವರಿಗೂ ಸರಿ. ಹತ್ತಿ, ತೊಗರಿ, ಜೋಳಕ್ಕೆ ಹದ ನೋಡಿ ಬಿತ್ತುವ ನಾಲ್ಕಾರು ದಿನ ಬಿಟ್ಟರೆ ಅಂಥ ತುರ್ತು ಇರುವುದಿಲ್ಲ. ಇವರು ಗುಂಪಿಗೆ ಮೆಸೇಜ್ ಹಾಕುವ ಬದಲು ಇಬ್ಬರು ಡ್ರೈವರ್‌ಗಳ ನಂಬರ್ ಇಟ್ಟುಕೊಂಡು ಕೂಲಿಯನ್ನು ಅದೇ ಸಂಜೆ ಕೊಟ್ಟುಬಿಟ್ಟರೆ ಸಾಕು. ಅದೇ ಸಂಜೆ ಕೊಡುವವರ ಹೊಲಕ್ಕೆ ಡ್ರೈವರ್ ಮೊದಲು ಬರುತ್ತಾನೆ.

ಹಂಗಾಮಿನ ಆಳು: ನಮ್ಮ ಕಡೆಗೆ ಹೆಚ್ಚು ಹೊಂದುವುದು

ಮೊದಲ ಬೆಳೆಯಲ್ಲಿ ಜುಲೈ, ಆಗಸ್ಟ್ ಎರಡು ತಿಂಗಳು ಉಳುಮೆ ಮತ್ತು ಕೆಸರಿನ ಕೆಲಸ. ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಒಂದು ತಿಂಗಳು ಕೊಯ್ಲಿನ ಸಾಗಾಟ. ಹೀಗೆ ಬೆಳೆಗೆ ಮೂರು ತಿಂಗಳು. ತಿಂಗಳಿಗೆ 20,000 ಎಂದರೆ ಬೆಳೆಗೆ 60,000, ಎರಡು ಬೆಳೆಗೆ 1,20,000. ಗಂಟೆಗೆ 250 ಬೀಳುತ್ತದೆ. ದಿನಗೂಲಿಗಿಂತ 110 ಜಾಸ್ತಿ. ಅದು ನೀರು ಬಂದ ದಿನ ಬೆಳಗಿನ ಜಾವ ಗಾಡಿ ಗದ್ದೆಗೆ ಇಳಿಯುವುದಕ್ಕೆ ನೀವು ಕೊಡುವ ದುಡ್ಡು. 40 ಎಕರೆಯವರಿಗೆ ಅದು ದುಬಾರಿ ಅಂತ ನನಗೆ ಅನಿಸುವುದಿಲ್ಲ.

ಇಲ್ಲಿ ಎರಡು ಕಡೆ ಎಡವುವುದುಂಟು. ಒಂದು, ನಡುವಿನ ಖಾಲಿ ತಿಂಗಳು. ಸೆಪ್ಟೆಂಬರಿನಲ್ಲಿ ಊರಿಗೆ ಹೋದವನು ಕೊಯ್ಲಿಗೆ ಬರುತ್ತಾನಾ? ಬರಲಿ ಎಂದು ಕೆಲವರು ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳುತ್ತಾರೆ. ಇದು ಕೆಟ್ಟ ದಾರಿ. ದುಡಿದ ದುಡ್ಡು ಸಿಗದವನು ಗುಂಪಿನಲ್ಲಿ ನಿಮ್ಮ ಹೆಸರು ಹಾಕುತ್ತಾನೆ, ಮರುವರ್ಷ ನಿಮ್ಮ ಮೆಸೇಜಿಗೆ ಯಾರೂ ಫೋನ್ ಮಾಡುವುದಿಲ್ಲ. ಅದರ ಬದಲು ಎರಡು ತಿಂಗಳಿನದು ಪೂರ್ತಿ ಕೊಟ್ಟು ಕಳಿಸಿ. ಕೊಯ್ಲಿನ ತಿಂಗಳಿಗೆ 20ರ ಬದಲು 22 ಸಾವಿರ ಎಂದು ಮೊದಲೇ ಮೆಸೇಜಿನಲ್ಲಿ ಬರೆಯಿರಿ. ಅವನು ಆ ದುಡ್ಡಿಗೆ ಬರುತ್ತಾನೆ.

ಇನ್ನೊಂದು ಮುಂಗಡ. ಬಿತ್ತನೆಗೆ ಮೊದಲು ಡ್ರೈವರ್ ಮನೆಯಲ್ಲೂ ಖರ್ಚಿರುತ್ತದೆ, ಅವನು ಕೇಳುತ್ತಾನೆ, ಕೊಡುವುದು ರೂಢಿ. ಒಂದು ತಿಂಗಳ ಸಂಬಳದಷ್ಟು ಕೊಟ್ಟು, ತಿಂಗಳಿಗೆ ಇಷ್ಟು ಎಂದು ಮುರಿದುಕೊಳ್ಳುವುದನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಅದರ ಬದಲು ಲಕ್ಷ ಮುಂಗಡ ಕೊಟ್ಟು, ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ ಎಂದರೆ ಅದು ಜೀತ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಿಂದ ಇದೆ. ಹಾಗೆ ಕಟ್ಟಿಹಾಕುವುದು ಅಪರಾಧ, ಆ ಸಾಲವನ್ನು ವಸೂಲಿ ಮಾಡಲೂ ಬರುವುದಿಲ್ಲ.

ಹಂಗಾಮು ಎಂದು ಬರೆಯುವಾಗ ಇನ್ನೊಂದು ಮಾತು ಬೇಕೇ ಬೇಕು. ಎರಡನೇ ಬೆಳೆ ನಮ್ಮ ಕೈಯಲ್ಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ಯಾರಿಗೂ ಮರೆತಿಲ್ಲ. 2025–26ರಲ್ಲಿ ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಇಂಥ ವರ್ಷ "ಎರಡು ಹಂಗಾಮಿಗೆ" ಎಂದು ಬಾಯಿಮಾತು ಕೊಟ್ಟವರೂ ಪೇಚಿಗೆ ಸಿಕ್ಕರು, ಆ ಮಾತು ನಂಬಿ ಬೇರೆ ಕೆಲಸ ಬಿಟ್ಟವರೂ ಪೇಚಿಗೆ ಸಿಕ್ಕರು. "ಎರಡನೇ ಬೆಳೆಗೆ ನೀರು ಬಿಟ್ಟರೆ ಮಾತ್ರ ಜನವರಿಯಿಂದ" ಎಂಬ ಒಂದೇ ಸಾಲು ಇದನ್ನು ತಪ್ಪಿಸುತ್ತದೆ. ನೀರಾವರಿ ಸಲಹಾ ಸಮಿತಿ ಸಭೆಯಾದ ಮರುದಿನವೇ ಅವನಿಗೆ ಫೋನ್ ಮಾಡಿ ಹೌದು ಅಥವಾ ಇಲ್ಲ ಎಂದು ಹೇಳಿಬಿಡಿ.

ವರ್ಷದ ಸಂಬಳ: ಬಾಡಿಗೆ ಕೆಲಸ ಇದ್ದರೆ ಮಾತ್ರ

ವರ್ಷಪೂರ್ತಿ ಎಂದರೆ ತಿಂಗಳಿಗೆ ಸ್ವಲ್ಪ ಕಡಿಮೆಗೆ ಒಪ್ಪುತ್ತಾರೆ. 16,000 ಹಿಡಿಯಿರಿ. ವರ್ಷಕ್ಕೆ 1,92,000. ನಮ್ಮ 480 ಗಂಟೆಗೆ ಭಾಗಿಸಿದರೆ ಗಂಟೆಗೆ 400. ಎರಡನೇ ಬೆಳೆ ಕೈಕೊಟ್ಟ ವರ್ಷ ಕೆಲಸ 240 ಗಂಟೆಗೆ ಇಳಿಯುತ್ತದೆ, ಸಂಬಳ ಇಳಿಯುವುದಿಲ್ಲ. ಆಗ ಗಂಟೆಗೆ 800. ಹಂಗಾಮಿನ ಆಳಾದರೆ ಆ ವರ್ಷವೂ 250ರಲ್ಲೇ ನಿಲ್ಲುತ್ತದೆ. ಕಾಲುವೆ ನೀರು ನಂಬಿದವರಿಗೆ ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದು.

ಹಂಗಾಮಿಗಿಂತ 72,000 ಜಾಸ್ತಿ ಕೊಡಬೇಕಲ್ಲ, ಅದನ್ನು ಗಾಡಿ ಬೇರೆಯವರ ಹೊಲದಲ್ಲಿ ದುಡಿದು ತರಬೇಕು. ರೋಟವೇಟರ್ ಬಾಡಿಗೆ ಗಂಟೆಗೆ 1,200 ಎನ್ನಿ. ಡೀಸೆಲ್ 6 ಲೀಟರ್, ಲೀಟರಿಗೆ 90ರಂತೆ 540. ಬ್ಲೇಡು, ಆಯಿಲ್, ಟೈರ್ ಸವೆತಕ್ಕೆ 160. ಬಾಡಿಗೆ ಗಂಟೆಗೆ ಡ್ರೈವರಿಗೆ ಭತ್ಯೆ 100. ಉಳಿಯುವುದು 400. 72,000 ಹುಟ್ಟಲು 180 ಗಂಟೆ ಬಾಡಿಗೆ ಬೇಕು. ಅದೂ ಬಾಡಿಗೆ ದುಡ್ಡು ಕೈಗೆ ಬಂದರೆ! ಉದ್ದರಿ ಬರೆಸಿದ ಗಂಟೆಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಊರಿನಲ್ಲಿ 180 ಗಂಟೆ ಖಾತ್ರಿ ಸಿಗುತ್ತದೆ, ಗಾಡಿಯ ಸಾಲದ ಕಂತೂ ಇದೆ ಎಂದರೆ ವರ್ಷದ ಆಳು ಇಟ್ಟುಕೊಳ್ಳಿ. ತೋಟ, ಎಮ್ಮೆ, ಬೋರ್‌ವೆಲ್ ನೀರಿನ ಮೆಣಸಿನಕಾಯಿ ಇದ್ದು ಹನ್ನೆರಡು ತಿಂಗಳೂ ಹೊಲದಲ್ಲಿ ಒಬ್ಬರು ಇರಲೇಬೇಕು ಎನ್ನುವವರಿಗೂ ಇದು ಸರಿ. ಆದರೆ ಗಾಡಿ ಓಡಿಸುವುದರ ಜತೆ ಬೇರೆ ಏನೇನು ಮಾಡಬೇಕು ಎಂದು ಮೆಸೇಜಿನಲ್ಲೇ ಹಾಕಿ. ಡ್ರೈವರ್ ಎಂದು ಕರೆಸಿಕೊಂಡು ಸಗಣಿ ಬಳಿಯಲು ಹೇಳಿದರೆ ಹದಿನೈದು ದಿನಕ್ಕೆ ಬೀಗ ಹಾಕಿ ಹೊರಡುತ್ತಾನೆ.

ಕೆಲವರು ಸಂಬಳದ ಬದಲು ಗಂಟೆ ಲೆಕ್ಕಕ್ಕೆ ಕೊಡುತ್ತಾರೆ. ಆಗ ಜಗಳ ಹುಟ್ಟುವುದು ಮೀಟರಿನಲ್ಲಿ. ಹಳೆಯ ಮೆಕ್ಯಾನಿಕಲ್ ಅವರ್ ಮೀಟರ್ ಕಂಪನಿ ಗೊತ್ತು ಮಾಡಿದ ಆರ್‌ಪಿಎಂನಲ್ಲಿ ಓಡಿದರೆ ಮಾತ್ರ ಗಡಿಯಾರದ ಜತೆ ಹೊಂದುತ್ತದೆ. ನಿಧಾನ ಓಡಿಸಿದರೆ ಮೀಟರೂ ನಿಧಾನ. ಹೇರಿದ ಟ್ರೇಲರ್ ಜತೆ ಅಕ್ಕಿ ಗಿರಣಿ ಮುಂದೆ ಎರಡು ತಾಸು ಇಂಜಿನ್ ಚಾಲೂ ಇಟ್ಟು ನಿಂತರೂ ಮೀಟರಿನಲ್ಲಿ ಒಂದು ತಾಸೂ ತೋರಿಸದೆ ಇರಬಹುದು. ಡ್ರೈವರ್ ಗಡಿಯಾರ ನೋಡುತ್ತಾನೆ, ಮಾಲೀಕ ಮೀಟರ್ ನೋಡುತ್ತಾನೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಸಂಬಳ ಬೇಡ, ಕೆಲಸದ ಲೆಕ್ಕವೇ ಬೇಕು ಎಂದರೆ ಗಂಟೆ ಬಿಟ್ಟು ಉಳುಮೆಗೆ ಎಕರೆ, ಸಾಗಾಟಕ್ಕೆ ಟ್ರಿಪ್ಪು ಎಂದು ಮಾತಾಡಿಕೊಳ್ಳಿ.

ಸೂಪರ್‌ವೈಸರ್ ಬೇರೆ, ಡ್ರೈವರ್ ಬೇರೆ

ಮೊದಲು ಹೇಳಿದ ಮೆಸೇಜಿನಲ್ಲಿ "ಡ್ರೈವರ್ / ಸೂಪರ್‌ವೈಸರ್" ಎಂದು ಗೆರೆ ಎಳೆದಿತ್ತು. ಒಬ್ಬನಿಂದ ಎರಡೂ ಆಗಲಿ ಎಂಬ ಆಸೆ. ಆಗುವುದಿಲ್ಲ. ಗಾಡಿಯ ಸೀಟಿನಲ್ಲಿ ಕೂತವನು ಇನ್ನೊಂದು ತುಂಡಿನಲ್ಲಿ ಕಳೆ ಕೀಳುವವರು ಎಷ್ಟು ಜನ ಬಂದರು ಎಂದು ಎಣಿಸಲಾರ. ಇನ್ನೂ ಮುಖ್ಯ ಡೀಸೆಲ್. ಡೀಸೆಲ್ ಸುಡುವವನೇ ಡೀಸೆಲ್ ಲೆಕ್ಕ ಬರೆದರೆ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ನಿಮಗೆ ಅನುಮಾನ ತಪ್ಪುವುದಿಲ್ಲ.

ನೀವೇ ದಿನಾ ಹೊಲಕ್ಕೆ ಹೋಗುವವರಾದರೆ ಸೂಪರ್‌ವೈಸರ್ ಬೇಡವೇ ಬೇಡ, ಆ ದುಡ್ಡಲ್ಲಿ ಒಳ್ಳೆಯ ಡ್ರೈವರ್ ಸಿಗುತ್ತಾನೆ. ನೀವು ಬಳ್ಳಾರಿಯಲ್ಲೋ ಬೆಂಗಳೂರಲ್ಲೋ ಇದ್ದು, ಎರಡು ಗಾಡಿ, 60 ಎಕರೆ ಮೇಲೆ ಇದ್ದರೆ ಬೇಕು. ಅವನು ಹಾಜರಿ ಪುಸ್ತಕ ಬರೆಯಬೇಕು, ಗೊಬ್ಬರ ಎಣಿಸಿ ಇಳಿಸಿಕೊಳ್ಳಬೇಕು, ರಾತ್ರಿ ತೂಬಿನ ಹತ್ತಿರ ಹೋಗಿ ನೀರು ಬರುತ್ತಿದೆಯಾ ನೋಡಬೇಕು, ಕಾಲುವೆ ಗ್ಯಾಂಗ್‌ಮನ್ ಜತೆ ಜಗಳವಿಲ್ಲದೆ ಮಾತಾಡಬೇಕು. ಹೀಗಾಗಿ ಗಾಡಿ ಓಡಿಸಲು ಬರುತ್ತದಾ ಎಂದು ಕೇಳುವುದಕ್ಕಿಂತ, ಹಿಂದೆ ಎಲ್ಲಿ ಲೆಕ್ಕ ಬರೆದಿದ್ದ, ಅಲ್ಲಿ ಯಾಕೆ ಬಿಟ್ಟ ಎಂದು ಕೇಳಿ. ಇವನನ್ನು ಹಂಗಾಮಿಗೆ ಇಡುವುದೂ ತಪ್ಪು. ನಾಟಿಯಿಂದ ಕೊಯ್ಲಿನವರೆಗಿನ ಕಾಯುವಿಕೆಯೇ ಅವನ ಕೆಲಸ. ಕನಿಷ್ಠ ಒಂದು ಬೆಳೆ ಪೂರ್ತಿ, ಸಸಿ ಮಡಿಯಿಂದ ಭತ್ತ ಗಿರಣಿಗೆ ಹೋಗಿ ಲೆಕ್ಕ ಬರುವವರೆಗೆ ಇರಬೇಕು.

"ವಸತಿ ಇದೆ" ಎಂದರೆ ಏನು?

ಅತಿ ಜಾಸ್ತಿ ಫೋನ್ ಕರೆ ಕೆಡುವುದು ಈ ಎರಡು ಪದದಿಂದ. ಮಾನ್ವಿ ಕಡೆ ಹೋಗಿ ಮೂರೇ ದಿನಕ್ಕೆ ವಾಪಸ್ ಬಂದ ಹುಡುಗನೊಬ್ಬ ನನ್ನ ಕೌಂಟರಿಗೆ ಬಂದು ಹೇಳಿದ್ದು ಹೀಗೆ: "ಮನಿ ಐತಿ ಅಂದಿದ್ರು ಅಣ್ಣಾ. ಹೋಗಿ ನೋಡಿದ್ರ ಮೋಟ್ರು ರೂಮ್ ಐತಿ. ಒಂದ್ ಕಡೆ ಸ್ಟಾರ್ಟರ್ ಡಬ್ಬಿ, ಇನ್ನೊಂದ್ ಕಡೆ ಯೂರಿಯಾ ಚೀಲ. ನಡುವ ನಾನೂ ನನ್ನ ಹೆಂಡತೀನೂ. ಕೂಸಿಗೆ ಎಲ್ಲಿ ಜೋಳಿಗಿ ಕಟ್ಟಲಿ?"

ಆ ಮಾಲೀಕರು ಸುಳ್ಳು ಹೇಳಿದ್ದೆಂದು ನನಗೆ ಅನಿಸುವುದಿಲ್ಲ. ಅವರ ಕಣ್ಣಿಗೆ ಅದು ವಸತಿಯೇ. ಒಬ್ಬನೇ ಬರುವ ಹುಡುಗನಿಗೆ, ಜುಲೈ ಆಗಸ್ಟಿನಲ್ಲಿ, ಅದು ನಡೆಯುತ್ತದೆ ಕೂಡ. ಸಂಸಾರಕ್ಕೆ ನಡೆಯುವುದಿಲ್ಲ. ತಗಡಿನ ಶೆಡ್ಡಾದರೆ ಏಪ್ರಿಲ್, ಮೇ ತಿಂಗಳ ರಾಯಚೂರು ಬಿಸಿಲಿಗೆ ಒಳಗೆ ಕೂರಲೂ ಆಗುವುದಿಲ್ಲ, ಎರಡನೇ ಬೆಳೆಯ ಕೊಯ್ಲು ಬರುವುದೇ ಆಗ. ಗದ್ದೆ ಪಕ್ಕದ ಮನೆಗೆ ಹಾವು ಬರುತ್ತವೆ. ಕಾಲುವೆ ನೀರು ಹೊಲಕ್ಕೆ ಚೆಂದ, ಕುಡಿಯಲು ಅಲ್ಲ.

ಹೀಗಾಗಿ ನಾಲ್ಕು ವಿಷಯ ಬರೆಯಿರಿ. ಎಷ್ಟು ಕೋಣೆ, ಚಾವಣಿ ಯಾವುದು, ಶೌಚಾಲಯ ಮತ್ತು ಕುಡಿಯುವ ನೀರು ಎಲ್ಲಿ, ಊರಿನಿಂದ ಎಷ್ಟು ದೂರ. ಮಕ್ಕಳಿರುವವನು ಶಾಲೆ ಎಷ್ಟು ದೂರ ಎಂದು ಕೇಳಿಯೇ ಕೇಳುತ್ತಾನೆ. ಕರೆಂಟು ಯಾರ ಖರ್ಚು ಎಂಬುದನ್ನೂ ಸೇರಿಸಿ. ಇರುವುದು ಬರೀ ಮೋಟ್ರು ರೂಮಾದರೆ "ಒಬ್ಬರಿಗೆ ಮಲಗಲು ಕೋಣೆ, ಊಟ ನಮ್ಮ ಮನೆಯಲ್ಲಿ" ಎಂದು ಬರೆಯಿರಿ. ಕಡಿಮೆ ಫೋನ್ ಬರುತ್ತವೆ, ಆದರೆ ಬಂದವನು ನಿಲ್ಲುತ್ತಾನೆ.

ನನ್ನ ಅನುಭವದಲ್ಲಿ ಎರಡು ಸಾವಿರ ಜಾಸ್ತಿ ಸಂಬಳಕ್ಕಿಂತ ಆರ್‌ಸಿಸಿ ಚಾವಣಿಯ ಒಂದು ಕೋಣೆ, ಒಂದು ಅಡುಗೆಮನೆ ಡ್ರೈವರನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಸಂಸಾರ ಬಂದರೆ ಅವನು ವಾರವಾರ ಊರಿಗೆ ಓಡುವುದಿಲ್ಲ. ಹೆಂಡತಿಗೂ ಕಳೆ, ನಾಟಿ ಕೆಲಸ ಸಿಗುತ್ತದೆ. ಆದರೆ ಆಕೆಯ ಕೂಲಿ ಬೇರೆ. "ಗಂಡ ಹೆಂಡತಿ ಇಬ್ಬರಿಗೂ ಸೇರಿ 20 ಸಾವಿರ" ಎನ್ನುವ ಮೆಸೇಜ್ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆಕೆ ದುಡಿದ ದಿನ ಊರಿನ ಕೂಲಿ ಎಷ್ಟೋ ಅಷ್ಟು ಕೊಡಬೇಕು, ಆಕೆಯ ಕೈಗೇ ಕೊಡಬೇಕು. ಹಂಗಾಮಿನ ಆಳಾದರೆ ಮನೆ ಎಂದು ಬಿಡಬೇಕು ಎಂಬುದನ್ನೂ ಮೊದಲೇ ಹೇಳಿ. ನಡುವಿನ ಖಾಲಿ ತಿಂಗಳಲ್ಲಿ ಪಾತ್ರೆ ಪಗಡೆ ಅಲ್ಲೇ ಇಡಬಹುದು ಎಂದರೆ ಕೊಯ್ಲಿಗೆ ತಪ್ಪದೆ ಬರುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ಫೋನ್ ಬಂದ ಮೇಲೆ

ಲೈಸೆನ್ಸ್ ಕೇಳಿ. ಗಾಡಿಯ ವಿಮೆಯಲ್ಲಿ ಸಂಬಳದ ಡ್ರೈವರ್ ಸೇರಿದ್ದಾನಾ ನೋಡಿ, ಇಲ್ಲದಿದ್ದರೆ ಏಜೆಂಟರಿಗೆ ಹೇಳಿ ಸೇರಿಸಿ, ಅದಕ್ಕೆ ತಗಲುವುದು ತೀರಾ ಕಡಿಮೆ ದುಡ್ಡು. ಟ್ರೇಲರಿನದು ಬೇರೆ ನೋಂದಣಿ, ಬೇರೆ ವಿಮೆ. ನಾಟಿಯ ಹೆಣ್ಣಾಳುಗಳನ್ನು ಟ್ರೇಲರಿನಲ್ಲಿ ಕೂರಿಸಿ ತರಲು ಡ್ರೈವರಿಗೆ ಹೇಳಬೇಡಿ. ಪಲ್ಟಿಯಾದರೆ ವಿಮೆಯೂ ಬರುವುದಿಲ್ಲ, ಮುಖ ತೋರಿಸಲೂ ಆಗುವುದಿಲ್ಲ.

ಕೆಲಸ ಬರುತ್ತದಾ ಎಂದು ತಿಳಿಯಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: "ಕೆಸರಾಗ ಗಾಲಿ ಹುಗಿದು ನಿಂತ್ರ ಏನ್ ಮಾಡ್ತೀಯಪ್ಪಾ?" ಬಲ್ಲವನು, "ಹಿಂದಿನದು ಬಿಚ್ಚಿ, ರಿವರ್ಸ್ ಹಾಕಿ ನಿಧಾನಕ ತೆಗೀತೀನ್ರಿ, ಆಗಲಿಲ್ಲಂದ್ರ ಇನ್ನೊಂದು ಗಾಡಿ ಕರಸ್ತೀನಿ" ಅನ್ನುತ್ತಾನೆ. "ಗಾಲಿಗೆ ಕಟ್ಟಿಗಿ ಕಟ್ಟಿ ಮುಂದಕ್ಕ ಎಳಸ್ತೀನಿ" ಎಂದವನನ್ನು ಗಾಡಿ ಹತ್ತಿಸಬೇಡಿ. ಹಿಂದಿನ ಗಾಲಿ ತಿರುಗದೆ ನಿಂತಾಗ ಜೋರು ಕೊಟ್ಟರೆ ಗಾಡಿಯ ಮೂಗು ಮೇಲೆದ್ದು ಡ್ರೈವರ್ ಮೇಲೆಯೇ ಮಗುಚುತ್ತದೆ. ಜಿಗಿಯಲು ಟೈಮ್ ಸಿಗುವುದಿಲ್ಲ.

ಈಗ ಮೆಸೇಜ್

ನಮ್ಮ 40 ಎಕರೆಯ ರೈತರಿಗೆ ಹಂಗಾಮಿನ ಆಳು ಸರಿ ಎಂದು ಲೆಕ್ಕ ಹೇಳಿತು. ಅವರು ಬರೆಯಬೇಕಾದದ್ದು ಇಷ್ಟೇ:

"ಕಾರಟಗಿ ಹತ್ತಿರ 40 ಎಕರೆ ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಡ್ರೈವರ್ ಒಬ್ಬರು ಬೇಕು. ಕೇಜ್ ವೀಲ್, ರೋಟವೇಟರ್ ಅನುಭವ, ಲೈಸೆನ್ಸ್ ಇರಬೇಕು. ಜುಲೈ 1ರಿಂದ ಆಗಸ್ಟ್ ಕೊನೆವರೆಗೆ ತಿಂಗಳಿಗೆ 20,000. ಕೊಯ್ಲಿಗೆ ನವೆಂಬರ್ 20ರಿಂದ ಒಂದು ತಿಂಗಳು 22,000. ಎರಡನೇ ಬೆಳೆಗೆ ನೀರು ಬಿಟ್ಟರೆ ಜನವರಿಯಿಂದ ಮತ್ತೆ ಕರೆಯುತ್ತೇವೆ. ಸಂಬಳ ಪ್ರತಿ ತಿಂಗಳು 5ರಂದು. ಮನೆ: ಒಂದು ಕೋಣೆ, ಅಡುಗೆಮನೆ, ಆರ್‌ಸಿಸಿ, ಶೌಚಾಲಯ ಇದೆ, ಊರು ಮತ್ತು ಶಾಲೆ 1 ಕಿ.ಮೀ. ಸಂಸಾರ ಸಮೇತ ಇರಬಹುದು, ಕರೆಂಟ್ ನಮ್ಮದು. ಸಂಜೆ 6ರಿಂದ 9ರೊಳಗೆ ಫೋನ್ ಮಾಡಿ."

ಬಾಡಿಗೆ ಕೆಲಸವಿದ್ದು ವರ್ಷದ ಆಳು ಇಡುವವರು ಹೀಗೆ:

"ವರ್ಷಪೂರ್ತಿ ಕೆಲಸಕ್ಕೆ ಟ್ರ್ಯಾಕ್ಟರ್ ಡ್ರೈವರ್ ಬೇಕು, ಸಿರುಗುಪ್ಪ ತಾಲ್ಲೂಕು. ತಿಂಗಳಿಗೆ 16,000, ಬಾಡಿಗೆ ಓಡಿದ ಗಂಟೆಗೆ 100 ಬೇರೆ. ಗಾಡಿ ಕೆಲಸವಿಲ್ಲದ ದಿನ ಮೆಣಸಿನಕಾಯಿ ತೋಟಕ್ಕೆ ನೀರು ಬಿಡುವುದು, ಔಷಧ ಹೊಡೆಯುವುದು. ದನದ ಕೆಲಸ ಇಲ್ಲ. ತಿಂಗಳಿಗೆ 2 ದಿನ ಸಂಬಳ ಸಹಿತ ರಜೆ. ಮನೆ ಇದೆ, ಫೋಟೋ ಕೆಳಗೆ ಹಾಕಿದ್ದೇವೆ."

ಆ ಫೋಟೋ ಬಹಳ ಕೆಲಸ ಮಾಡುತ್ತದೆ. ಹೊರಗಿನದೊಂದು, ಒಳಗಿನದೊಂದು ಹಾಕಿ.

ಸೂಪರ್‌ವೈಸರ್ ಬೇಕಾದವರು:

"70 ಎಕರೆ ಗದ್ದೆ ನೋಡಿಕೊಳ್ಳಲು ಸೂಪರ್‌ವೈಸರ್ ಬೇಕು, ಸಿಂಧನೂರು ತಾಲ್ಲೂಕು. ಕೂಲಿ ಹಾಜರಿ, ಡೀಸೆಲ್ ಮತ್ತು ಗೊಬ್ಬರದ ಲೆಕ್ಕ, ನೀರು ನೋಡುವುದು. ಟ್ರ್ಯಾಕ್ಟರ್ ಓಡಿಸುವ ಕೆಲಸ ಇಲ್ಲ, ಡ್ರೈವರ್ ಬೇರೆ ಇದ್ದಾರೆ. ಜೂನ್‌ನಿಂದ ಜನವರಿ, ತಿಂಗಳಿಗೆ 22,000, ಬೈಕ್ ಪೆಟ್ರೋಲ್ ಬೇರೆ. ಹೊಲದಲ್ಲೇ ಮನೆ, ರಾತ್ರಿ ಅಲ್ಲೇ ಇರಬೇಕು. ಹಿಂದೆ ಕೆಲಸ ಮಾಡಿದ ಕಡೆಯ ಒಬ್ಬರ ನಂಬರ್ ಕೊಡಬೇಕು."

ಅಂಕಿಗಳು ನಾನು ಲೆಕ್ಕಕ್ಕೆ ಹಿಡಿದವು. ನಿಮ್ಮ ಊರಿನಲ್ಲಿ ಈ ವರ್ಷ ಏನು ನಡೆಯುತ್ತಿದೆ ಎಂದು ಇಬ್ಬರು ಡ್ರೈವರ್‌ಗಳನ್ನೇ ಕೇಳಿ ಹಾಕಿ. ಕೃಷಿ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಗಿಂತ ಕೆಳಗೆ ಇಳಿಯುವಂತಿಲ್ಲ, ಅದು ಕಾಲಕಾಲಕ್ಕೆ ಬದಲಾಗುತ್ತದೆ, ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.

ಮೆಸೇಜ್ ಹಾಕುವುದು ಜೂನ್ ಮೊದಲ ವಾರದಲ್ಲಿ. ಕಾಲುವೆಗೆ ನೀರು ಬಿಟ್ಟ ದಿನ ಹಾಕಿದರೆ ಒಳ್ಳೆಯವರೆಲ್ಲ ಆಗಲೇ ಒಂದು ಕಡೆ ಸೇರಿರುತ್ತಾರೆ. ಮತ್ತೆ ಆಳು ಸಿಕ್ಕ ಮೇಲೆ ಅದೇ ಗುಂಪಿನಲ್ಲಿ "ಸಿಕ್ಕಿದ್ದಾರೆ" ಎಂದು ಒಂದು ಸಾಲು ಹಾಕಿಬಿಡಿ. ಇಲ್ಲದಿದ್ದರೆ ಯಾರೋ ಅದನ್ನು ಇನ್ನೊಂದು ಗುಂಪಿಗೆ ದಾಟಿಸಿ, ದೀಪಾವಳಿ ದಿನವೂ ನಿಮಗೆ ಫೋನ್ ಬರುತ್ತಲೇ ಇರುತ್ತದೆ.